ದೊಣ್ಣೆ ಎಲ್ಲಿ ಹೋಯಿತು?

ನಮಸ್ಕಾರ. ಇವತ್ತು ಮೊದಲು ಒಂದು ಉತ್ತರ ಓದುತ್ತೇನೆ, ಕೇಳಿಸಿಕೊಳ್ಳಿ. ಐದನೇ ತರಗತಿಯ ಕನ್ನಡ ಪೇಪರ್. ಪ್ರಶ್ನೆ: ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಈ ಗಾದೆಯನ್ನು ಉದಾಹರಣೆಯೊಂದಿಗೆ ವಿಸ್ತರಿಸಿ.

ಉತ್ತರ ಹೀಗಿದೆ. “ಗಾದೆಗಳು ವೇದಗಳಿಗೆ ಸಮಾನ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು. ಗಾದೆಗಳು ನಮ್ಮ ಹಿರಿಯರ ಅನುಭವದ ನುಡಿಮುತ್ತುಗಳು. ಅಂತಹ ಗಾದೆಗಳಲ್ಲಿ ಇದೂ ಒಂದು. ಕುಂಬಾರನು ಕಷ್ಟಪಟ್ಟು ಮಡಕೆ ಮಾಡುತ್ತಾನೆ. ನಾವೂ ಕಷ್ಟಪಡಬೇಕು. ಉದಾಹರಣೆಗೆ, ಒಬ್ಬ ಹುಡುಗ ಕಷ್ಟಪಟ್ಟು ಓದಿ ಡಾಕ್ಟರ್ ಆದನು. ಆದ್ದರಿಂದ ನಾವೆಲ್ಲರೂ ಕಷ್ಟಪಟ್ಟು ಓದಬೇಕು.”

ಅಕ್ಷರ ಮುತ್ತಿನ ಹಾಗೆ ಇದೆ. ಒಂದೂ ತಪ್ಪಿಲ್ಲ. ಒತ್ತಕ್ಷರ, ದೀರ್ಘ ಎಲ್ಲ ಸರಿ. ಆದರೆ ಒಂದು ಕೆಲಸ ಮಾಡಿ. ಪ್ರಶ್ನೆಯ ಮೇಲೆ ಕೈ ಮುಚ್ಚಿ, ಕುಂಬಾರನ ಆ ಒಂದು ವಾಕ್ಯ ಬಿಟ್ಟು, ಬರೀ ಉತ್ತರ ಓದಿ. ಇದು ಯಾವ ಗಾದೆಯ ವಿಸ್ತರಣೆ? ನನಗಂತೂ ‘ಕೈ ಕೆಸರಾದರೆ ಬಾಯಿ ಮೊಸರು’ ಅನ್ನಿಸುತ್ತದೆ. ಅಲ್ವಾ? ಕುಂಬಾರ ಬಂದ, ಮಡಕೆ ಬಂತು. ದೊಣ್ಣೆ ಎಲ್ಲಿ ಹೋಯಿತು?

ನಾನು ಪ್ರೈಮರಿ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ. ಇಂಥ ಉತ್ತರ ಕಂತೆಗಟ್ಟಲೆ ಓದಿದ್ದೇನೆ. ತಪ್ಪು ಮಗುವಿನದಲ್ಲ ಅಂತಲೇ ನನ್ನ ವಾದ. ಈ ಉತ್ತರದಲ್ಲಿ ಎಂಟು ವಾಕ್ಯ ಇದೆ. ಮೊದಲ ನಾಲ್ಕನ್ನು ಯಾವ ಗಾದೆಗೆ ಬೇಕಾದರೂ ಅಂಟಿಸಬಹುದು. ಅದನ್ನು ಬಾಯಿಪಾಠ ಮಾಡಿಸಿದವರು ನಾವು, ಅಂದರೆ ಟೀಚರ್‌ಗಳು ಮತ್ತು ಗೈಡ್‌ಗಳು. ಮಗುವಿಗೆ ಸಿಗುವುದೇ ಏಳೆಂಟು ಸಾಲಿನ ಜಾಗ. ಅರ್ಧ ಜಾಗ ವೇದಕ್ಕೇ ಹೋದರೆ ಗಾದೆಗೆ ಉಳಿಯುವುದೆಷ್ಟು?

ಪೀಠಿಕೆ ಪೂರ್ತಿ ಬೇಡ ಅಂತ ಹೇಳುತ್ತಿಲ್ಲ. ಕೆಲವು ಕಡೆ ಪೀಠಿಕೆ ಇಲ್ಲದಿದ್ದರೆ ಅಂಕ ಕಡಿಯುತ್ತಾರೆ. ನಿಮ್ಮ ಮಗುವಿನ ಟೀಚರ್ ಹಾಗೆ ನೋಡುವವರಾದರೆ ಒಂದೇ ಒಂದು ವಾಕ್ಯ ಬರೆಯಲಿ, ಮುಂದೆ ಹೋಗಲಿ. ನಾಲ್ಕು ವಾಕ್ಯ ಬರೆದರೆ ನಾಲ್ಕು ಪಟ್ಟು ಅಂಕವೇನೂ ಬರುವುದಿಲ್ಲ.

ಈಗ ಗಾದೆಗೆ ಬರೋಣ. ಮೊದಲು ಅದರ ನೇರ ಅರ್ಥ ಗೊತ್ತಿರಬೇಕು. ನಮ್ಮ ಮಕ್ಕಳಲ್ಲಿ ಎಷ್ಟೋ ಜನ ಮಡಕೆ ಮಾಡುವುದನ್ನು ನೋಡಿಯೇ ಇಲ್ಲ. ಮಡಕೆ ಅಂದರೆ ಅಂಗಡಿಯಲ್ಲಿ ಸಿಗುವ ವಸ್ತು ಅಷ್ಟೆ. ಹಾಗಾಗಿ ‘ವರುಷ’ ಅನ್ನುವುದರ ಭಾರ ಅವರಿಗೆ ತಾಕುವುದಿಲ್ಲ. ನಾನು ತರಗತಿಯಲ್ಲಿ ಇದನ್ನು ಕಥೆಯ ಹಾಗೆ ಹೇಳುತ್ತೇನೆ. ಕುಂಬಾರ ಕೆರೆಯಿಂದ ಮಣ್ಣು ತರುತ್ತಾನೆ. ಅದರಲ್ಲಿರುವ ಕಲ್ಲು, ಬೇರು ಆರಿಸಿ ತೆಗೆಯುತ್ತಾನೆ. ನೀರು ಹಾಕಿ ನೆನೆಸುತ್ತಾನೆ. ಕಾಲಲ್ಲಿ ತುಳಿದು ತುಳಿದು ಹದ ಮಾಡುತ್ತಾನೆ. ಆಮೇಲೆ ತಿಗರಿಯ ಮೇಲಿಟ್ಟು ತಿರುಗಿಸುತ್ತಾನೆ. ಅಷ್ಟಕ್ಕೇ ಮುಗಿಯಲಿಲ್ಲ. ಸ್ವಲ್ಪ ಒಣಗಿದ ಮೇಲೆ ಒಳಗಡೆ ಕಲ್ಲು ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ಮೆಲ್ಲಗೆ ತಟ್ಟಿ ಹೊಟ್ಟೆ ಉಬ್ಬಿಸುತ್ತಾನೆ. ಮತ್ತೆ ಒಣಗಿಸುತ್ತಾನೆ. ಅವಸರ ಮಾಡಿ ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ, ಆದ್ದರಿಂದ ನೆರಳಲ್ಲಿ. ಕೊನೆಗೆ ಆವಿಗೆಯಲ್ಲಿ ಜೋಡಿಸಿ ಸುಡುತ್ತಾನೆ. ಅಲ್ಲೂ ಒಂದಷ್ಟು ಒಡೆಯುತ್ತವೆ. ಮಳೆ ಹಿಡಿದರಂತೂ ಕೆಲಸವೇ ನಿಲ್ಲುತ್ತದೆ.

ಒಮ್ಮೆ ಒಬ್ಬ ಹುಡುಗ ಎದ್ದು ನಿಂತು, “ಮಿಸ್, ಹಲಗೆಯೂ ಮರ, ದೊಣ್ಣೆಯೂ ಮರ!” ಅಂದ. ಹೌದಲ್ಲ! ಒಂದೇ ಮರ, ತಟ್ಟಿದರೆ ಮಡಕೆ, ಬೀಸಿದರೆ ಬೋಕಿ. ನನಗೇ ಅದು ಹೊಳೆದಿರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ. “ಒಂದು ಮಡಕೆ ಮಾಡಲು ಒಂದು ವರ್ಷ ಬೇಕು” ಅಂತ ಬರೆಯುವ ಮಕ್ಕಳಿದ್ದಾರೆ. ಅಷ್ಟು ಬೇಕಿಲ್ಲ. ‘ವರುಷ’ ಅಂದರೆ ಇಲ್ಲಿ ತುಂಬಾ ದಿನ, ‘ನಿಮಿಷ’ ಅಂದರೆ ಕಣ್ಣು ಮಿಟುಕಿಸುವಷ್ಟು ಹೊತ್ತು. ವರುಷ, ನಿಮಿಷ: ಪ್ರಾಸಕ್ಕೆ ಹೇಗೆ ಕೂತಿದೆ ನೋಡಿ. ಕೆಲವು ಮಕ್ಕಳು ಗಾದೆ ಬರೆಯುವಾಗಲೂ ‘ವರ್ಷ’ ಅಂತ ಬರೆದು ಆ ಪ್ರಾಸ ಕೆಡಿಸುತ್ತಾರೆ. ಅದಕ್ಕೆ ಅಂಕ ಕಳೆಯಬೇಕಿಲ್ಲ, ಆದರೆ ತೋರಿಸಿಕೊಡಬೇಕು. ಗಾದೆಯ ಹಳೆಯ ಪದಗಳಲ್ಲಿ ಮಕ್ಕಳು ಎಡವುವುದು ಜಾಸ್ತಿ. ‘ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ’ ಕೊಟ್ಟು ನೋಡಿ. ಬಳ್ಳವನ್ನು ಬಳ್ಳಿ ಮಾಡಿ, ಅದು ಹೇಗೆ ಹಬ್ಬುತ್ತದೆ ಅಂತ ಬರೆದಿರುತ್ತಾರೆ. ಬಳ್ಳ ಅಂದರೆ ಕಾಳು ಅಳೆಯುವ ಅಳತೆ ಅಂತ ಯಾರೂ ಅವರಿಗೆ ಹೇಳಿರುವುದಿಲ್ಲ.

ಸರಿ, ಈಗ ಉದಾಹರಣೆ. ವಿಸ್ತರಣೆಯ ಜೀವ ಇರುವುದೇ ಇಲ್ಲಿ. ಡಾಕ್ಟರ್ ಆದ ಹುಡುಗನ ಉದಾಹರಣೆ ಯಾಕೆ ಕೂರುವುದಿಲ್ಲ? ಗಾದೆಯಲ್ಲಿ ನಾಲ್ಕು ತುಂಡು ಇವೆ. ಕಟ್ಟುವವನು, ಅವನು ಕಟ್ಟಲು ತೆಗೆದುಕೊಂಡ ಹೊತ್ತು, ಒಡೆಯುವುದು, ಒಡೆಯಲು ಹಿಡಿದ ಹೊತ್ತು. ಉದಾಹರಣೆಯಲ್ಲೂ ಈ ನಾಲ್ಕೂ ಸಿಗಬೇಕು. ನಾನು ಮಕ್ಕಳಿಗೆ ಕೇಳುವುದು ಇಷ್ಟೇ: ನಿನ್ನ ಕಥೆಯಲ್ಲಿ ಕುಂಬಾರ ಯಾರು? ದೊಣ್ಣೆ ಯಾವುದು? ವರುಷ ಎಲ್ಲಿದೆ? ನಿಮಿಷ ಎಲ್ಲಿದೆ? ಡಾಕ್ಟರ್ ಹುಡುಗನ ಕಥೆಯಲ್ಲಿ ಕುಂಬಾರ ಇದ್ದಾನೆ, ವರುಷವೂ ಇದೆ. ಉಳಿದೆರಡು ಇಲ್ಲ. ಅರ್ಧ ಗಾದೆಗೆ ಉದಾಹರಣೆ ಕೊಟ್ಟ ಹಾಗಾಯಿತು.

ದೊಡ್ಡ ತರಗತಿಯ ಮಕ್ಕಳು ಸಮಾಜ ಪಾಠದಿಂದ ಹಂಪಿಯನ್ನು ತರುತ್ತಾರೆ. ಒಳ್ಳೆಯ ಆಯ್ಕೆ. ವಿಜಯನಗರ ಶುರುವಾದದ್ದು 1336ರಲ್ಲಿ. 1565ರ ಯುದ್ಧದಲ್ಲಿ ಸೋತಿತು. ಆಮೇಲೆ ಕೆಲವೇ ತಿಂಗಳಲ್ಲಿ ನಗರ ಸೂರೆಯಾಗಿ ಹಾಳುಬಿತ್ತು. ಇನ್ನೂರಕ್ಕೂ ಹೆಚ್ಚು ವರ್ಷ ಕಟ್ಟಿದ್ದು ತಿಂಗಳುಗಳಲ್ಲಿ ಹೋಯಿತು. ಕುಂಬಾರ, ವರುಷ, ದೊಣ್ಣೆ, ನಿಮಿಷ ಎಲ್ಲವೂ ಇವೆ. ತೊಂದರೆ ಏನೆಂದರೆ, ಹಂಪಿ ಅಂದ ತಕ್ಷಣ ಮಕ್ಕಳ ಪೆನ್ನು ನಿಲ್ಲುವುದಿಲ್ಲ. ಕೃಷ್ಣದೇವರಾಯ ಬರುತ್ತಾನೆ, ಮುತ್ತು ರತ್ನ ಬೀದಿಯಲ್ಲಿ ಮಾರುತ್ತಿದ್ದರು ಅಂತ ಬರುತ್ತದೆ, ಕಲ್ಲಿನ ರಥ ಬರುತ್ತದೆ. ಸಾಲು ಮುಗಿಯುವ ಹೊತ್ತಿಗೆ ನಗರ ಇನ್ನೂ ಒಡೆದೇ ಇರುವುದಿಲ್ಲ! ಹಂಪಿ ಬರೆದರೆ ಎರಡೇ ವಾಕ್ಯ. ಕಟ್ಟಿದ್ದಕ್ಕೆ ಒಂದು, ಕೆಡವಿದ್ದಕ್ಕೆ ಒಂದು.

ಇನ್ನೊಂದು ತರಹದ ಉದಾಹರಣೆ ಇದೆ, ಅದು ನನಗೆ ತುಂಬಾ ಇಷ್ಟ. ಒಬ್ಬ ಹಾಲಿನವನು ಹತ್ತು ವರ್ಷ ಒಂದು ತೊಟ್ಟು ನೀರು ಬೆರೆಸದೆ ಹಾಲು ಹಾಕಿದ. ಬೀದಿಯವರೆಲ್ಲ ಅವನನ್ನು ನಂಬಿದ್ದರು. ಒಂದು ದಿನ ಹಾಲು ಸಾಲಲಿಲ್ಲ ಅಂತ ಒಂದು ಚೊಂಬು ನೀರು ಸುರಿದ. ಮಾರನೇ ದಿನದಿಂದ ಎಲ್ಲರೂ ಹಾಲನ್ನು ಬೆರಳಲ್ಲಿ ಅದ್ದಿ ನೋಡತೊಡಗಿದರು. ಇಲ್ಲಿ ಮಡಕೆ ಅಂದರೆ ನಂಬಿಕೆ. ಕುಂಬಾರನೂ ಅವನೇ, ದೊಣ್ಣೆ ಬೀಸಿದವನೂ ಅವನೇ. ಗಾದೆಗೆ ಕೂರುತ್ತದಾ? ಕೂರುತ್ತದೆ. ಆದರೆ ಚಿಕ್ಕ ಮಕ್ಕಳು ಇದನ್ನು ಬರೆಯುವಾಗ ‘ಮೋಸ ಮಾಡಬಾರದು’ ಅನ್ನುವ ಕಡೆಗೆ ಜಾರಿಬಿಡುತ್ತಾರೆ. ಹತ್ತು ವರ್ಷ ಮತ್ತು ಒಂದು ಚೊಂಬು, ಈ ಎರಡನ್ನೂ ಪಕ್ಕಪಕ್ಕ ಇಟ್ಟು ಹೇಳದಿದ್ದರೆ ಉತ್ತರ ಬೇರೆ ದಾರಿ ಹಿಡಿಯುತ್ತದೆ. ಐದನೆಯವರಿಗಿಂತ ಏಳನೆಯವರಿಗೆ ಇದು ಸರಿಹೋಗುತ್ತದೆ.

ಐದನೆಯವರಿಗೆ? ಅವರ ಮನೆಯೊಳಗಿನದೇ ಸಾಕು. ಆ ಡಾಕ್ಟರ್ ಉತ್ತರ ಬರೆದ ಹುಡುಗಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಕೇಳಿದೆ. “ನಿಮ್ಮ ಮನೇಲಿ ಯಾವುದಾದರೂ ಮಾಡೋಕೆ ತುಂಬಾ ಹೊತ್ತು ಹಿಡಿದು, ಪಟ್ ಅಂತ ಹಾಳಾಗಿದ್ದು ಇದೆಯಾ?” ಸುಮ್ಮನೆ ಕೂತಳು. ಆಮೇಲೆ, “ರಂಗೋಲಿ ಮಿಸ್” ಅಂದಳು. ಅವಳ ಅಕ್ಕ ಸಂಕ್ರಾಂತಿಗೆ ರಂಗೋಲಿ ಹಾಕಿದ್ದಳಂತೆ. ಅದನ್ನೇ ಬರಿ ಅಂದೆ. ಅವಳು “ಅದು ಉದಾಹರಣೆ ಆಗುತ್ತಾ ಮಿಸ್? ನಿಜವಾಗಿ ನಡೆದಿದ್ದಲ್ವಾ?” ಅಂದಳು. ಉದಾಹರಣೆ ಅಂದರೆ ಪುಸ್ತಕದಿಂದಲೇ ಬರಬೇಕು ಅಂತ ಅವಳು ತಿಳಿದಿದ್ದಳು. ಆ ಮಾತು ಕೇಳಿ ನನಗೆ ಒಂಥರಾ ಆಯಿತು.

ಮತ್ತೆ ಬರೆದುಕೊಂಡು ಬಂದಳು. ಓದುತ್ತೇನೆ. ಒಂದೆರಡು ಕಾಗುಣಿತ ಮಾತ್ರ ನಾನು ತಿದ್ದಿದ್ದು.

“ಕುಂಬಾರನು ಮಣ್ಣು ತಂದು, ತುಳಿದು, ತಿಗರಿಯಲ್ಲಿ ತಿರುಗಿಸಿ, ಒಣಗಿಸಿ, ಸುಟ್ಟು ಮಡಕೆ ಮಾಡುತ್ತಾನೆ. ಇದಕ್ಕೆ ಬಹಳ ದಿನ ಬೇಕು. ದೊಣ್ಣೆಯಿಂದ ಒಂದು ಏಟು ಹೊಡೆದರೆ ಮಡಕೆ ಒಡೆದುಹೋಗುತ್ತದೆ. ಒಂದು ವಸ್ತುವನ್ನು ಮಾಡುವುದು ಕಷ್ಟ, ಕೆಡಿಸುವುದು ಸುಲಭ ಎಂದು ಈ ಗಾದೆ ಹೇಳುತ್ತದೆ. ಉದಾಹರಣೆಗೆ, ನನ್ನ ಅಕ್ಕ ಸಂಕ್ರಾಂತಿ ದಿನ ಐದು ಗಂಟೆಗೆ ಎದ್ದು, ಅಂಗಳ ಸಾರಿಸಿ, ಚುಕ್ಕಿ ಇಟ್ಟು, ಬಣ್ಣ ತುಂಬಿ ದೊಡ್ಡ ರಂಗೋಲಿ ಹಾಕಿದಳು. ಎಂಟು ಗಂಟೆ ಆಯಿತು. ಆಗ ಒಂದು ಬೈಕ್ ಅದರ ಮೇಲೆ ಹೋಯಿತು. ಮೂರು ಗಂಟೆಯ ಕೆಲಸ ಒಂದೇ ಕ್ಷಣದಲ್ಲಿ ಅಳಿಸಿಹೋಯಿತು. ಅಕ್ಕ ಕುಂಬಾರ, ಬೈಕ್ ದೊಣ್ಣೆ.”

ಇಷ್ಟೇ. ವೇದ ಇಲ್ಲ, ನುಡಿಮುತ್ತು ಇಲ್ಲ. ಪ್ರಶ್ನೆ ಮುಚ್ಚಿ ಓದಿದರೂ ಗಾದೆ ಯಾವುದು ಅಂತ ಗೊತ್ತಾಗುತ್ತದೆ. ಕೊನೆಯ ಸಾಲು ನೋಡಿ. ‘ಆದ್ದರಿಂದ ನಾವೆಲ್ಲರೂ’ ಅಂತ ಉಪದೇಶಕ್ಕೆ ಹೋಗಲಿಲ್ಲ, ಸೀದಾ ಗಾದೆಗೆ ವಾಪಸ್ ಬಂದಳು. ಆ ಸಾಲು ನಾನು ಹೇಳಿಕೊಟ್ಟದ್ದಲ್ಲ. ನಾನು ಕೇಳಿದ ಪ್ರಶ್ನೆಗೆ ಕೊಟ್ಟ ಉತ್ತರವನ್ನೇ ಅವಳು ಬರೆದುಬಿಟ್ಟಿದ್ದಳು. ಪೂರ್ತಿ ಅಂಕ ಹಾಕಿದೆ.

ಪೇಪರ್ ವಾಪಸ್ ಕೊಡುವಾಗ ಸುಮ್ನೆ ಕೇಳಿದೆ, “ಬೈಕ್ ಯಾರದಮ್ಮಾ?”

“ಅಪ್ಪಂದು ಮಿಸ್.”

“ಮತ್ತೆ ‘ಒಂದು ಬೈಕ್’ ಅಂತ ಯಾಕೆ ಬರೆದೆ?”

“ಪೇಪರ್‌ಗೆ ಅಪ್ಪನೇ ಸೈನ್ ಹಾಕ್ಬೇಕಲ್ವಾ ಮಿಸ್.”