ಹೆಸರು ತುಂಗಭದ್ರಾ, ಅಂಕಿ ಭದ್ರಾದ್ದು

(ಗಂಗಾವತಿಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರ ಮುಂದೆ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ಹಿಂದೆ ನಿಂತಿರೋರು ಮುಂದೆ ಬನ್ನಿ, ಇಲ್ಲಿ ಜಾಗ ಇದೆ. ಬೋರ್ಡ್ ಕಾಣದಿದ್ದರೆ ಇವತ್ತಿನ ಮಾತು ಅರ್ಧ ತಿಳಿಯೋದಿಲ್ಲ.

ನಾಲ್ಕು ವಿಷಯ ಬರೆದುಕೊಂಡು ಬಂದಿದ್ದೇನೆ. ಮೊದಲು ಇದು ಯಾಕೆ ಬೇಕಾಯ್ತು ಅಂತ ಹೇಳಿಬಿಡ್ತೀನಿ. ಹೋದ ತಿಂಗಳು ವಾಚನಾಲಯದಲ್ಲಿ ಮೂವರು ಒಂದು ಮೊಬೈಲ್ ಹಿಡಿದುಕೊಂಡು ಜಗಳಾಡುತ್ತಿದ್ದರು. ನಾನು ಆ ಕಡೆ ಹೋದೆ. "ಸರ್ರ, ಮೂರು ಮಂದಿಗೆ ಮೂರು ಉತ್ತರ ಬರಾಕತ್ತಾವ್ರಿ" ಅಂದಳು ಒಬ್ಬ ಹುಡುಗಿ. ನೋಡಿದರೆ ಯಾರೋ ಗ್ರೂಪಿಗೆ ಹಾಕಿದ ಮಾದರಿ ಪ್ರಶ್ನೆಯ ಫೋಟೋ. ಜಲಾಶಯಗಳ ಕೋಷ್ಟಕ. ಝೆರಾಕ್ಸ್‌ನ ಝೆರಾಕ್ಸ್ ಇರಬೇಕು, ಗೆರೆಗಳೆಲ್ಲ ಅಳಿಸಿಹೋಗಿದ್ದವು. ಅಕ್ಷರ ಸಾಸಿವೆ ಕಾಳಿನಷ್ಟು.

ಲೆಕ್ಕ ಕಷ್ಟದ್ದೇನಲ್ಲ. ತುಂಗಭದ್ರಾ ಮತ್ತು ಭದ್ರಾ ಜಲಾಶಯಗಳ ಅಂದಿನ ಸಂಗ್ರಹದಲ್ಲಿ ಎಷ್ಟು ವ್ಯತ್ಯಾಸ? ಕಳೆಯೋದು ಅಷ್ಟೇ. ಒಬ್ಬನಿಗೆ 45.52 ಬಂದಿತ್ತು, ಇನ್ನೊಬ್ಬನಿಗೆ 49.36, ಆ ಹುಡುಗಿಗೆ 14.95. ಮೂರೂ ಉತ್ತರ ಆಯ್ಕೆಗಳಲ್ಲಿ ಇದ್ದವು! ಪ್ರಶ್ನೆ ತೆಗೆಯೋರಿಗೆ ನಾವು ಎಲ್ಲಿ ಜಾರ್ತೀವಿ ಅಂತ ಚೆನ್ನಾಗಿ ಗೊತ್ತು. ಕಳೆಯೋದರಲ್ಲಿ ಮೂವರೂ ತಪ್ಪಿರಲಿಲ್ಲ. ಇಬ್ಬರು ಬೇರೆ ಸಾಲಿನ ಅಂಕಿ ತೆಗೆದುಕೊಂಡಿದ್ದರು.

ಬೋರ್ಡ್ ನೋಡಿ. ಎಡಗಡೆ ಜಲಾಶಯದ ಹೆಸರು, ಆಮೇಲೆ ಪೂರ್ಣ ಸಾಮರ್ಥ್ಯ, ಆಮೇಲೆ ಅಂದಿನ ಸಂಗ್ರಹ, ಕೊನೆಗೆ ಶೇಕಡಾ. ಸಾಮರ್ಥ್ಯ, ಸಂಗ್ರಹ ಎರಡೂ ಟಿಎಂಸಿಯಲ್ಲಿ. ಸಾಮರ್ಥ್ಯ ನಿಜವಾದದ್ದೇ, ಪೇಪರ್‌ನಲ್ಲಿ ದಿನಾ ಬರುತ್ತದಲ್ಲ, ಅದು. ಸಂಗ್ರಹ ಮಾತ್ರ ಅಭ್ಯಾಸಕ್ಕೆ ಅಂತ ಮಾಡಿದ್ದು.

ಆಲಮಟ್ಟಿ: 123.08, 98.46, 80
ನಾರಾಯಣಪುರ: 33.31, 29.98, 90
ತುಂಗಭದ್ರಾ: 105.79, 79.34, 75
ಭದ್ರಾ: 71.54, 64.39, 90
ಮಲಪ್ರಭಾ: 37.73, 18.87, 50

ಹೀಗೆ ಬರೆದರೆ ಯಾರೂ ತಪ್ಪೋದಿಲ್ಲ. ಆ ಫೋಟೋದಲ್ಲಿ ಹೀಗಿರಲಿಲ್ಲ. ಹೆಸರಿನ ಕಾಲಂ ಸಣ್ಣದು. 'ಆಲಮಟ್ಟಿ (ಲಾಲ್ ಬಹದ್ದೂರ್ ಶಾಸ್ತ್ರಿ ಸಾಗರ)' ಅನ್ನೋದು ಮೂರು ಸಾಲಿಗೆ ಮುರಿದಿತ್ತು. 'ನಾರಾಯಣಪುರ (ಬಸವಸಾಗರ)' ಎರಡು ಸಾಲು. ಉಳಿದ ಮೂರು ಒಂದೊಂದು ಸಾಲು. ಒಟ್ಟು ಎಡಗಡೆ ಎಂಟು ಸಾಲು ಅಕ್ಷರ, ಬಲಗಡೆ ಐದೇ ಅಂಕಿ. ಮಧ್ಯೆ ಗೆರೆ ಇಲ್ಲ. ಯಾವ ಅಂಕಿ ಯಾರದ್ದು?

45.52 ಬಂದ ಹುಡುಗ ಜಾಣ. ಸುಮ್ನೆ ಕಣ್ಣಂದಾಜಿನಲ್ಲಿ ಓದಿರಲಿಲ್ಲ. ಯಾರದ್ದೋ ಲಗ್ನಪತ್ರಿಕೆ ಇತ್ತು, ಅದರ ಅಂಚನ್ನೇ ಸ್ಕೇಲ್ ಮಾಡಿ ಮೊಬೈಲ್ ಮೇಲೆ ಇಟ್ಟಿದ್ದ. ಪತ್ರಿಕೆಯ ಅಂಚು ಸ್ಕ್ರೀನಿನ ಅಂಚಿಗೆ ಸರಿಯಾಗಿ ಇತ್ತು. ಆದರೆ ಫೋಟೋ ತೆಗೆದವನ ಕೈ ಸ್ವಲ್ಪ ಓರೆಯಾಗಿತ್ತು. ಸಾಲುಗಳು ಬಲಕ್ಕೆ ಹೋಗ್ತಾ ಹೋಗ್ತಾ ಮೇಲೇರಿದ್ದವು. ಎಷ್ಟು ಓರೆ? ಎರಡು ಡಿಗ್ರಿ ಅಂತ ಇಟ್ಟುಕೊಳ್ಳಿ. ಕಣ್ಣಿಗೆ ಗೊತ್ತೇ ಆಗೋದಿಲ್ಲ.

ಈ ಎರಡು ಡಿಗ್ರಿ ಏನು ಮಾಡುತ್ತದೆ ನೋಡಿ. ಎರಡು ಡಿಗ್ರಿಯ ಟ್ಯಾನ್ ಸುಮಾರು 0.035. ಅಂದರೆ 10 ಸೆಂಟಿಮೀಟರ್ ಪಕ್ಕಕ್ಕೆ ಹೋದರೆ ಮೂರೂವರೆ ಮಿಲಿಮೀಟರ್ ಮೇಲೇರುತ್ತದೆ. ಸಣ್ಣ ಅಕ್ಷರದ ಕೋಷ್ಟಕದಲ್ಲಿ ಒಂದು ಸಾಲಿನ ಎತ್ತರವೇ ಸುಮಾರು 4 ಮಿಲಿಮೀಟರ್. ಮೂಲ ಹಾಳೆಯಲ್ಲಿ ಹೆಸರಿನಿಂದ ಸಾಮರ್ಥ್ಯದ ಕಾಲಂಗೆ 6 ಸೆಂಟಿಮೀಟರ್ ಇದ್ದರೆ ತಪ್ಪು 2 ಮಿಲಿಮೀಟರ್, ಅರ್ಧ ಸಾಲು. ಅಲ್ಲಿ ಹೇಗೋ ಸರಿಯಾದ ಅಂಕಿಯೇ ಸಿಗುತ್ತದೆ. ಸಂಗ್ರಹದ ಕಾಲಂ 11 ಸೆಂಟಿಮೀಟರ್ ದೂರ. ಅಲ್ಲಿಗೆ ಹೋಗುವಷ್ಟರಲ್ಲಿ ತಪ್ಪು ಸುಮಾರು 4 ಮಿಲಿಮೀಟರ್. ಪೂರಾ ಒಂದು ಸಾಲು! ಆ ಹುಡುಗನ ಪತ್ರಿಕೆ ತುಂಗಭದ್ರಾದಿಂದ ನೆಟ್ಟಗೆ ಹೊರಟು 105.79 ಅನ್ನು ಸರಿಯಾಗಿ ತೋರಿಸಿ, ಆಮೇಲೆ ಭದ್ರಾದ 64.39 ಮೇಲೆ ಹೋಗಿ ನಿಂತಿತ್ತು. ಭದ್ರಾಗೆ ಮಲಪ್ರಭಾದ 18.87. ಕಳೆದರೆ 45.52. ಫೋಟೋ ಝೂಮ್ ಮಾಡಿದರೂ ಇದು ತಪ್ಪೋದಿಲ್ಲ, ಯಾಕಂದರೆ ಓರೆಯೂ ಅಷ್ಟೇ ದೊಡ್ಡದಾಗುತ್ತದೆ. ಮೇಲಿಂದ ಹೆಸರಿನ ಕಾಲಂ ಸ್ಕ್ರೀನಿನಿಂದ ಆಚೆ ಹೋಗಿಬಿಡುತ್ತದೆ.

ಹಾಗಾದರೆ ಸ್ಕೇಲ್ ಇಡಬಾರದಾ? ಇಡಿ. ಆದರೆ ಸ್ಕ್ರೀನಿನ ಅಂಚಿಗೆ ಹೊಂದಿಸಬೇಡಿ. ಕೋಷ್ಟಕದ ತಲೆಸಾಲು ಇದೆಯಲ್ಲ, ಅದರ ಓರೆಗೆ ಹೊಂದಿಸಿ. ಇಲ್ಲದಿದ್ದರೆ ಫೋಟೋದ ಎಡಿಟ್‌ಗೆ ಹೋಗಿ ಮೊದಲು ನೆಟ್ಟಗೆ ತಿರುಗಿಸಿಕೊಳ್ಳಿ, ಆಮೇಲೆ ಝೂಮ್. ಪುಸ್ತಕದ ನಡು ಉಬ್ಬಿ ಸಾಲುಗಳು ಬಾಗಿದ್ದರೆ ತಿರುಗಿಸಿದರೂ ಉಪಯೋಗ ಇಲ್ಲ. ಆಗ ಒಂದೇ ಸಲ ಉದ್ದಕ್ಕೆ ಹಾರಬೇಡಿ, ಹೆಸರಿನಿಂದ ಪಕ್ಕದ ಕಾಲಂಗೆ, ಅಲ್ಲಿಂದ ಅದರ ಪಕ್ಕದ ಕಾಲಂಗೆ ಹೋಗಿ. ಹಳ್ಳ ದಾಟುವಾಗ ಕಲ್ಲಿಂದ ಕಲ್ಲಿಗೆ ಕಾಲಿಡ್ತೀವಲ್ಲ, ಹಾಗೆ.

ಈಗ 49.36ರ ಕಥೆ. ಈ ಹುಡುಗ ಸ್ಕೇಲ್ ಇಡಲಿಲ್ಲ, ಎಣಿಸಿದ. ಮೇಲೆ ಹೆಸರುಗಳು ಮುರಿದಿದ್ದವಲ್ಲ, ಗೊಂದಲ ಬೇಡ ಅಂತ ಕೆಳಗಿನಿಂದ ಎಣಿಸಿದ. ಒಳ್ಳೆಯ ಯೋಚನೆಯೇ. ಕೊನೆಯಿಂದ ಮೊದಲನೆಯದು ಮಲಪ್ರಭಾ, ಎರಡನೆಯದು ಭದ್ರಾ, ಮೂರನೆಯದು ತುಂಗಭದ್ರಾ. ಸಂಗ್ರಹದ ಕಾಲಂನಲ್ಲೂ ಹಾಗೇ ಎಣಿಸಿದ. ಆದರೆ ಆ ಮೂಲೆಯಲ್ಲಿ ಫೋಟೋ ತೆಗೆದವರ ಕೈ ನೆರಳು ಬಿದ್ದು 18.87 ಕತ್ತಲಲ್ಲಿ ಮುಚ್ಚಿಹೋಗಿತ್ತು. ಇವನಿಗೆ ಕೊನೆಯದಾಗಿ ಕಂಡದ್ದು 64.39. ಎಲ್ಲವೂ ಒಂದು ಸಾಲು ಮೇಲಕ್ಕೆ ಸರಿಯಿತು. ಭದ್ರಾಗೆ 79.34, ತುಂಗಭದ್ರಾಗೆ 29.98. ಬ್ರೈಟ್‌ನೆಸ್ ಜಾಸ್ತಿ ಮಾಡಿ ತೋರಿಸಿದಾಗ ಅಂಕಿ ಎದ್ದು ಬಂತು. "ಅಯ್ಯೋ, ಇಲ್ಲೊಂದು ಐತಲ್ರಿ!" ಅಂದ. ಹೆಸರು ಎಷ್ಟು, ಅಂಕಿ ಎಷ್ಟು ಅಂತ ಮೊದಲೇ ಎಣಿಸಿದ್ದರೆ ಐದು ಹೆಸರಿಗೆ ನಾಲ್ಕೇ ಅಂಕಿ ಅಂತ ಆಗಲೇ ಗೊತ್ತಾಗುತ್ತಿತ್ತು. ಹೆಸರು ಎಣಿಸಬೇಕು, ಅಕ್ಷರದ ಸಾಲನ್ನಲ್ಲ. 'ಸಾಗರ)' ಅಂತ ಒಂದೇ ಪದ ಒಂದು ಸಾಲಿನಲ್ಲಿ ನಿಂತು, ಪಕ್ಕದಲ್ಲಿ ಆವರಣ ಮುಚ್ಚಿದ್ದರೆ ಅದು ಹೊಸ ಹೆಸರಲ್ಲ, ಮೇಲಿನದರ ಬಾಲ.

ಮುರಿದ ಹೆಸರಿಗೆ ಅಂಕಿ ಎಲ್ಲಿ ಕೂತಿರುತ್ತದೆ ಅನ್ನೋದನ್ನ ಮೊದಲನೇ ಸಾಲಿನಲ್ಲೇ ನೋಡಿಬಿಡಿ. ಆಲಮಟ್ಟಿಯ ಅಂಕಿ ಆ ಮೂರು ಸಾಲಿನ ಮೊದಲನೆಯದರ ಎದುರು ಇದೆಯಾ, ನಡುವೆ ಇದೆಯಾ, ಕೆಳಗೆ ಇದೆಯಾ? ಸಾಮಾನ್ಯವಾಗಿ ಒಂದು ಕೋಷ್ಟಕದಲ್ಲಿ ಎಲ್ಲ ಕಡೆ ಒಂದೇ ಪದ್ಧತಿ ಇರುತ್ತದೆ.

ಈಗ ನನಗೆ ತುಂಬಾ ಮುಖ್ಯ ಅನ್ನಿಸೋ ಮಾತಿಗೆ ಬರ್ತೀನಿ. ಓದಿದ್ದು ಸರಿ ಇದೆಯಾ ಅಂತ ಹೇಗೆ ನೋಡ್ತೀರಿ? ಎಲ್ಲರೂ ಒಟ್ಟು ಕೂಡಿಸ್ತೀರಿ. ಸಂಗ್ರಹದ ಕಾಲಂ ಕೂಡಿಸಿ: 291.04. ಕೆಳಗೆ ಒಟ್ಟು ಅಂತ ಅದೇ ಅಚ್ಚಾಗಿದ್ದರೆ ಖುಷಿ. ಆದರೆ ಯೋಚನೆ ಮಾಡಿ. 64.39ನ್ನ ತುಂಗಭದ್ರಾಗೆ ಕೊಟ್ಟು 79.34ನ್ನ ಭದ್ರಾಗೆ ಕೊಟ್ಟರೂ ಒಟ್ಟು 291.04 ತಾನೆ? ಯಾರ ಅಂಕಿ ಯಾರಿಗೆ ಹೋದರೂ ಕಾಲಂನ ಮೊತ್ತ ಬದಲಾಗೋದಿಲ್ಲ. ಕೆಳಗಿನ ಒಟ್ಟು ಹಿಡಿಯೋದು ಬೇರೆ ತಪ್ಪನ್ನ. 18.87ರಲ್ಲಿ 8 ಮಸುಕಾಗಿ 13.87 ಅಂತ ಓದಿದರೆ ಒಟ್ಟು 286.04 ಬಂದು ಸಿಕ್ಕಿಬೀಳುತ್ತದೆ. ಸಾಲು ಜಾರಿದ್ದು ಸಿಕ್ಕೋದಿಲ್ಲ.

ಅದಕ್ಕೇ ಹೇಳೋದು, ಅಡ್ಡ ತಾಳೆ ನೋಡಿ. ಒಂದೇ ಸಾಲಿನ ಅಂಕಿಗಳ ನಡುವೆ ಏನಾದರೂ ನಂಟು ಇದ್ದೇ ಇರುತ್ತದೆ. ಇಲ್ಲಿ ಸಂಗ್ರಹವನ್ನ ಸಾಮರ್ಥ್ಯದಿಂದ ಭಾಗಿಸಿದರೆ ಶೇಕಡಾ ಬರಬೇಕು. 64.39 ಭಾಗಿಸು 105.79, ಸುಮಾರು ಶೇ. 61. ಕೋಷ್ಟಕದಲ್ಲಿ 75 ಇದೆ, ಅದರ ಕೆಳಗೆ 90 ಇದೆ, 61 ಎಲ್ಲೂ ಇಲ್ಲ. ಜಾರಿದೆ ಅಂತ ಆಯ್ತು. 29.98 ಹಾಕಿದರೆ ಶೇ. 28, ಅದೂ ಇಲ್ಲ. 79.34 ಹಾಕಿದರೆ 75. ಇದೇ ಸರಿ. ಬೆಳೆಯ ಕೋಷ್ಟಕ ಬಂದರೆ ಉತ್ಪಾದನೆಯನ್ನ ವಿಸ್ತೀರ್ಣದಿಂದ ಭಾಗಿಸಿ, ಇಳುವರಿ ಬರಬೇಕು. ಜನಸಂಖ್ಯೆ ಬಂದರೆ ಗಂಡು, ಹೆಣ್ಣು ಕೂಡಿಸಿ, ಒಟ್ಟು ಬರಬೇಕು. ನೀವು ಉತ್ತರಕ್ಕೆ ಬಳಸೋ ಸಾಲು ಒಂದೋ ಎರಡೋ, ಅಷ್ಟಕ್ಕೆ ಮಾತ್ರ ಮಾಡಿ ಸಾಕು. ಪೂರ್ತಿ ಭಾಗಾಕಾರವೂ ಬೇಡ. ನೂರರ ಮುಕ್ಕಾಲು ಎಪ್ಪತ್ತೈದು, ಹಾಗಾಗಿ 105ರ ಮುಕ್ಕಾಲು ಎಂಬತ್ತರ ಹತ್ತಿರ ಇರಬೇಕು, ಅಷ್ಟೇ.

ಆದರೆ ಅಡ್ಡ ತಾಳೆಗೂ ಸಿಗದ ತಪ್ಪು ಒಂದಿದೆ. ಆ ನೆರಳು ಕೊನೆಯ ಸಾಲನ್ನ ಮೂರೂ ಕಾಲಂನಲ್ಲಿ ಮುಚ್ಚಿತ್ತು ಅಂತ ಇಟ್ಟುಕೊಳ್ಳಿ. ಕೆಳಗಿನಿಂದ ಎಣಿಸಿದವನಿಗೆ ತುಂಗಭದ್ರಾ ಎದುರು 33.31, 29.98, 90 ಸಿಗುತ್ತದೆ. ಭಾಗಿಸಿ ನೋಡಿ, ಸರಿಯಾಗಿ ಶೇ. 90! ಅಂಕಿಗಳೆಲ್ಲ ಒಟ್ಟಿಗೇ ಇವೆ, ಹೆಸರು ಮಾತ್ರ ಬೇರೆಯವರದ್ದು. ಇಂಥಲ್ಲಿ ಎಣಿಕೆ ಕಾಪಾಡುತ್ತದೆ. ಇಲ್ಲದಿದ್ದರೆ ನಿಮಗೆ ಮೊದಲೇ ಗೊತ್ತಿರೋ ಒಂದು ಅಂಕಿ ಕಾಪಾಡುತ್ತದೆ. ತುಂಗಭದ್ರಾ 33 ಟಿಎಂಸಿ ಅಂದರೆ ಈ ಊರಲ್ಲಿ ಯಾರಾದರೂ ನಂಬ್ತಾರಾ? 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟ್ ಕೊಚ್ಚಿಹೋದಾಗ ನಮ್ಮ ಮನೆಯಲ್ಲಿ ಯಾರೂ ಮಲಗಲಿಲ್ಲ. ಆಮೇಲೆ ಎಷ್ಟೋ ದಿನ ಚಹದ ಅಂಗಡಿಯಲ್ಲೂ ಅದೇ ಮಾತು. 105 ಟಿಎಂಸಿ, 1633 ಅಡಿ, 33 ಗೇಟ್. ಗದ್ದೆ ಇದ್ದವರಿಗೆ ಅವು ಬಾಯಿಪಾಠ. ಕೋಷ್ಟಕ ಬಂದ ಕೂಡಲೇ ಅಂಥ ಪರಿಚಯದ ಅಂಕಿ ಒಂದು ಹುಡುಕಿ, ಅದು ತನ್ನ ಹೆಸರಿನ ಎದುರು ಕೂತಿದೆಯಾ ನೋಡಿ. ಆ ಹುಡುಗಿ ಮಾಡಿದ್ದೂ ಅದನ್ನೇ. "105 ಎಲ್ಲೈತಿ ನೋಡಿದೆ ರೀ, ಅಲ್ಲಿಂದ ಪಕ್ಕಕ್ಕೆ ಹೋದೆ" ಅಂದಳು. ಹೆಸರಿನಿಂದ ಹೊರಡೋ ಬದಲು ನಡುವಿನಿಂದ ಹೊರಟಿದ್ದಳು. ದೂರವೂ ಅರ್ಧ ಆಯ್ತು, ಜಾರೋದೂ ಅರ್ಧ ಆಯ್ತು.

ಗಡಿಯಾರ ತೋರಿಸ್ತಿದ್ದಾರೆ. ಉಳಿದದ್ದನ್ನ ಬೇಗ ಹೇಳ್ತೀನಿ. ಅಂಕಿಯ ತಲೆ ಮೇಲೆ ಸಣ್ಣ 1 ಅಥವಾ ನಕ್ಷತ್ರ ಇದ್ದರೆ ಅದು ಕೆಳಗಿನ ಟಿಪ್ಪಣಿಯ ಗುರುತು, ಅಂಕಿಯ ಭಾಗ ಅಲ್ಲ. 412ರ ಮೇಲೆ 1 ಇದ್ದದ್ದು ಮಸುಕು ಫೋಟೋದಲ್ಲಿ 4121 ಆಗಿಬಿಡುತ್ತದೆ. ಖಾಲಿ ಮನೆ, ಅಡ್ಡಗೀಟು ಇದ್ದರೆ ಅದನ್ನೂ ಒಂದು ಅಂಕಿ ಅಂತಲೇ ಎಣಿಸಿ.

ಫೋಟೋ ಕಳಿಸೋರಿಗೆ ಒಂದು ಮಾತು. A4 ಹಾಳೆಯ ಉದ್ದ 297 ಮಿಲಿಮೀಟರ್. ಫೋಟೋ ಕುಗ್ಗಿ ಉದ್ದಕ್ಕೆ 1600 ಪಿಕ್ಸೆಲ್ ಉಳಿದರೆ ಮಿಲಿಮೀಟರಿಗೆ ಐದು ಚಿಲ್ಲರೆ ಪಿಕ್ಸೆಲ್. 2 ಮಿಲಿಮೀಟರ್ ಎತ್ತರದ ಅಂಕಿಗೆ ಹನ್ನೊಂದು ಪಿಕ್ಸೆಲ್ ಸಿಕ್ಕಿತು. ಅಷ್ಟರಲ್ಲಿ 3 ಯಾವುದು, 8 ಯಾವುದು? ಅದಕ್ಕೆ ಕೋಷ್ಟಕವನ್ನ ಮಾತ್ರ ಹತ್ತಿರದಿಂದ, ನೇರ ಮೇಲಿಂದ ತೆಗೆಯಿರಿ. ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸದೆ ಡಾಕ್ಯುಮೆಂಟ್ ಅಂತ ಕಳಿಸಿ, ಕುಗ್ಗೋದಿಲ್ಲ.

ನಾಲ್ಕನೇ ವಿಷಯಕ್ಕೆ ಸಮಯ ಇಲ್ಲ, ಇರಲಿ. ತಂಗೀ, ಆ ಹಾಳೆ ಹಂಚಮ್ಮ. ಅದೇ ಫೋಟೋದ ಪ್ರಿಂಟ್ ಇದೆ, ನೆರಳು ಸಮೇತ. ಈ ಸಲ ಪ್ರಶ್ನೆ ಬೇರೆ: ನಾರಾಯಣಪುರ ಮತ್ತು ಮಲಪ್ರಭಾ. ಬೋರ್ಡ್ ಒರೆಸ್ತೀನಿ. ಪೆನ್ ಎತ್ತೋ ಮೊದಲು ಹೆಸರು ಎಷ್ಟು, ಅಂಕಿ ಎಷ್ಟು, ಎಣಿಸಿ ಮೇಲೆ ಬರೆಯಿರಿ.