ಕಾಂಬೊದಲ್ಲಿ ಉಳಿಯಿತೆನ್ನುವ ತೊಂಬತ್ತು ರೂಪಾಯಿ

ನಮಸ್ಕಾರ. ದಾವಣಗೆರೆಯ ವಿದ್ಯಾನಗರದ ಕಡೆ ನಾನು ಆಗಾಗ ಹೋಗುವ ಒಂದು ಜೆರಾಕ್ಸ್ ಅಂಗಡಿಯಿದೆ. ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವ ಹುಡುಗ ಹುಡುಗಿಯರಿಗಾಗಿ ಅದರ ಮಾಲೀಕರು ಪಾಠ ಹೇಳುವವರಿಂದ ಬರೆಸಿದ ಎರಡು ನೋಟ್ಸುಗಳನ್ನು ಸ್ಪೈರಲ್ ಬೈಂಡಿಂಗ್ ಮಾಡಿಸಿ ಮಾರುತ್ತಾರೆ. ಒಂದು ಸಾಮಾನ್ಯ ಕನ್ನಡದ್ದು, ಇನ್ನೊಂದು ಮಾನಸಿಕ ಸಾಮರ್ಥ್ಯದ್ದು. ಮೊದಲು ಕನ್ನಡಕ್ಕೆ 200 ರೂಪಾಯಿ, ಮಾನಸಿಕ ಸಾಮರ್ಥ್ಯಕ್ಕೆ 190 ರೂಪಾಯಿ ಇತ್ತು. ಈಗ ಗಲ್ಲಾದ ಹಿಂದೆ ಒಂದು ಚೀಟಿ ಅಂಟಿಸಿದ್ದಾರೆ: ಎರಡೂ ಸೇರಿ 300, ಬಿಡಿಯಾಗಿ ಇಲ್ಲ.

ತೊಂಬತ್ತು ರೂಪಾಯಿ ಉಳಿಯಿತೆಂದು ಕೊಳ್ಳುವವರು ಖುಷಿಯಾಗಿದ್ದಾರೆ. ನನಗೆ ಆ ಲೆಕ್ಕ ಒಪ್ಪಿಗೆಯಿಲ್ಲ. ಏಕೆ ಇಲ್ಲ ಎಂಬುದನ್ನು ಒಂದು ಸಣ್ಣ ಪಟ್ಟಿಯಿಟ್ಟು ಹೇಳುತ್ತೇನೆ. ಪಟ್ಟಿಯಲ್ಲಿ ನಾಲ್ವರು ಗಿರಾಕಿಗಳಿದ್ದಾರೆ, ಪ್ರತಿಯೊಬ್ಬರೂ ಒಂದೊಂದು ನೋಟ್ಸಿಗೆ ಹೆಚ್ಚೆಂದರೆ ಎಷ್ಟು ಕೊಟ್ಟಾರು ಎಂಬುದಿದೆ. ಅಂಕಿಗಳು ನಾನು ಹಾಕಿಕೊಂಡವು, ಆದರೆ ಇಂಥ ಗಿರಾಕಿಗಳನ್ನು ಆ ಅಂಗಡಿಯ ಮುಂದೆ ದಿನವೂ ನೋಡಬಹುದು.

| ಗಿರಾಕಿ | ಕನ್ನಡ | ಮಾನಸಿಕ ಸಾಮರ್ಥ್ಯ | ಎರಡೂ ಸೇರಿ |
|---|---|---|---|
| ಜಗಳೂರು, ಕನ್ನಡ ಎಂ.ಎ. | 60 | 240 | 300 |
| ಹೊನ್ನಾಳಿ, ಬಿ.ಎ. | 120 | 190 | 310 |
| ಚನ್ನಗಿರಿ, ಬಿ.ಕಾಂ. | 200 | 110 | 310 |
| ಹರಿಹರ, ಬಿ.ಇ. | 250 | 50 | 300 |

ಜಗಳೂರಿನ ಹುಡುಗಿಗೆ ಸಂಧಿ ಸಮಾಸಗಳು ಬಾಯಿಪಾಠವಾಗಿರುವುದರಿಂದ ಕನ್ನಡದ ನೋಟ್ಸು ಅಷ್ಟಾಗಿ ಬೇಕಿಲ್ಲ, ಆದರೆ ರೈಲು ಸೇತುವೆ ದಾಟಲು ಎಷ್ಟು ಸೆಕೆಂಡು ಎಂಬ ಪ್ರಶ್ನೆ ಬಂದರೆ ಕೈ ನಡುಗುತ್ತದೆ. ಹರಿಹರದ ಹುಡುಗನದು ಇದಕ್ಕೆ ತದ್ವಿರುದ್ಧ. ಅಂಕಣಗಳನ್ನು ಮೇಲಿನಿಂದ ಕೆಳಕ್ಕೆ ಓದಿದರೆ ಅಂತರ ದೊಡ್ಡದಿದೆ, ಕನ್ನಡದಲ್ಲಿ 60ರಿಂದ 250ರವರೆಗೆ, ಮಾನಸಿಕ ಸಾಮರ್ಥ್ಯದಲ್ಲಿ 50ರಿಂದ 240ರವರೆಗೆ. ಕೊನೆಯ ಅಂಕಣದಲ್ಲಿ ಮಾತ್ರ ನಾಲ್ವರೂ ಹೆಚ್ಚುಕಡಿಮೆ ಒಂದೇ ಆಗಿಬಿಡುತ್ತಾರೆ. ಮಾರುವವನಿಗೆ ಬೇಕಾದದ್ದು ಇದೇ, ಏಕೆಂದರೆ ಎಲ್ಲರಿಗೂ ಒಂದೇ ಬೆಲೆ ಹೇಳಬೇಕಾದವನಿಗೆ ಗಿರಾಕಿಗಳು ಒಂದೇ ರೀತಿ ಇದ್ದಷ್ಟೂ ಲಾಭ.

ಬಿಡಿಯಾಗಿ ಮಾರಿದರೆ ಕನ್ನಡಕ್ಕೆ 200 ಇಡುವುದೇ ಮೇಲು: ಇಬ್ಬರು ಕೊಳ್ಳುತ್ತಾರೆ, 400 ಬರುತ್ತದೆ. 120ಕ್ಕೆ ಇಳಿಸಿದರೆ ಮೂವರು ಬಂದರೂ 360 ಮಾತ್ರ. ಹಾಗೆಯೇ ಮಾನಸಿಕ ಸಾಮರ್ಥ್ಯಕ್ಕೆ 190 ಇಟ್ಟರೆ 380. ಒಟ್ಟು 780. ಜೋಡಿಗೆ 300 ಇಟ್ಟರೆ ನಾಲ್ವರೂ ಕೊಳ್ಳುತ್ತಾರೆ, 1200 ಬರುತ್ತದೆ. ಪ್ರತಿಯೊಂದು ಪ್ರತಿಗೆ ಕಾಗದ, ಇಂಕು, ಬೈಂಡಿಂಗ್ ಸೇರಿ 40 ರೂಪಾಯಿ ಖರ್ಚೆಂದರೂ ಬಿಡಿ ಮಾರಾಟದ ಲಾಭ 620, ಜೋಡಿಯ ಲಾಭ 880.

ಈಗ ಆ ತೊಂಬತ್ತು ರೂಪಾಯಿಗೆ ಬರೋಣ. ಜಗಳೂರಿನ ಹುಡುಗಿ ಮೊದಲು 240 ಬೆಲೆಬಾಳುವುದನ್ನು 190ಕ್ಕೆ ಒಯ್ಯುತ್ತಿದ್ದಳು, 50 ಅವಳ ಪಾಲಿಗೆ ಉಳಿಯುತ್ತಿತ್ತು. ಹರಿಹರದ ಹುಡುಗನಿಗೂ ಅಷ್ಟೇ. ಈಗ ಇಬ್ಬರಿಗೂ ಉಳಿಯುವುದು ಸೊನ್ನೆ. ನಡುವಿನ ಇಬ್ಬರಿಗೆ ಮೊದಲು ಏನೂ ಉಳಿಯುತ್ತಿರಲಿಲ್ಲ, ಈಗ ಹತ್ತು ಹತ್ತು ರೂಪಾಯಿ ಉಳಿಯುತ್ತದೆ. ಅಲ್ಲಿಗೆ ಗಿರಾಕಿಗಳ ಕೈಯಲ್ಲಿದ್ದ 100 ರೂಪಾಯಿ 20ಕ್ಕೆ ಇಳಿಯಿತು. 390ರ ಮಾಲು 300ಕ್ಕೆ ಸಿಕ್ಕಿತೆಂಬ ಲೆಕ್ಕ ಎರಡನ್ನೂ ಪೂರ್ತಿ ಬೆಲೆಗೆ ಕೊಳ್ಳುತ್ತಿದ್ದವನಿಗೆ ಮಾತ್ರ ಸರಿ, ಅಂಥವನು ಈ ಪಟ್ಟಿಯಲ್ಲಿ ಒಬ್ಬನೂ ಇಲ್ಲ. ಆದರೂ ನ್ಯಾಯಕ್ಕೆ ಇದನ್ನೂ ಹೇಳಬೇಕು: ಮೊದಲು ನಾಲ್ಕು ಪ್ರತಿಗಳು ಓದುವವರ ಕೈ ಸೇರುತ್ತಿದ್ದವು, ಈಗ ಎಂಟು ಸೇರುತ್ತಿವೆ.

ಈ ವಿಚಾರವನ್ನು ಮೊದಲು ಬಿಡಿಸಿ ತೋರಿಸಿದವರು ಶಿಕಾಗೋದ ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್, 1963ರಲ್ಲಿ. ಹಳೆಯ ಸಿನಿಮಾಗಳನ್ನು ಟಿವಿ ಕೇಂದ್ರಗಳಿಗೆ ಗಂಟುಕಟ್ಟಿ ಮಾರುತ್ತಿದ್ದ ಕಂಪನಿಗಳ ವಿರುದ್ಧ ಅಮೆರಿಕದ ಸುಪ್ರೀಂ ಕೋರ್ಟ್ 1962ರಲ್ಲಿ ತೀರ್ಪು ಕೊಟ್ಟಿತ್ತು. ಒಳ್ಳೆಯ ಚಿತ್ರದ ಬಲದಿಂದ ಕೆಟ್ಟ ಚಿತ್ರವನ್ನು ಕೊರಳಿಗೆ ಕಟ್ಟುತ್ತಾರೆ ಎಂಬುದು ಅದರ ಹಿಂದಿನ ತರ್ಕ. ಹಾಗಿದ್ದರೆ ಒಳ್ಳೆಯ ಚಿತ್ರಕ್ಕೇ ಪೂರ್ತಿ ಬೆಲೆ ಕೇಳಬಹುದಿತ್ತಲ್ಲ ಎಂದು ಸ್ಟಿಗ್ಲರ್ ಕೇಳಿದರು. ಬೇರೆ ಬೇರೆ ಕೇಂದ್ರಗಳ ಅಭಿರುಚಿ ತಿರುಗುಮುರುಗಾಗಿದ್ದಾಗ ಗಂಟಿನಿಂದ ಲಾಭವೆಂದು ಅಂಕಿಗಳಲ್ಲಿ ತೋರಿಸಿದರು.

ತಿರುಗುಮುರುಗು ಎಂಬ ಮಾತು ಎಷ್ಟು ಮುಖ್ಯವೆಂದು ನೋಡಲು ಅದೇ ಪಟ್ಟಿಯ ಅದೇ ಎಂಟು ಅಂಕಿಗಳನ್ನು ಬೇರೆ ರೀತಿ ಜೋಡಿಸೋಣ. ಒಬ್ಬನಿಗೆ 250 ಮತ್ತು 240, ಇನ್ನೊಬ್ಬನಿಗೆ 200 ಮತ್ತು 190, ಮೂರನೆಯವನಿಗೆ 120 ಮತ್ತು 110, ನಾಲ್ಕನೆಯವನಿಗೆ 60 ಮತ್ತು 50. ಅಂದರೆ ಕೈಯಲ್ಲಿ ಕಾಸಿರುವವನು ಎರಡಕ್ಕೂ ಹೆಚ್ಚು ಕೊಡುತ್ತಾನೆ, ಇಲ್ಲದವನು ಎರಡಕ್ಕೂ ಕಡಿಮೆ. ಬಿಡಿಯಾಗಿ ಮಾರಿದರೆ ಮೊದಲಿನಷ್ಟೇ, 780. ಜೋಡಿಯ ಮೊತ್ತಗಳು 490, 390, 230, 110. ಅತ್ಯುತ್ತಮ ಬೆಲೆ 390, ಕೊಳ್ಳುವವರು ಇಬ್ಬರು, ಬರುವುದು 780. ಒಂದು ರೂಪಾಯಿಯೂ ಹೆಚ್ಚಲಿಲ್ಲ. ಪಕ್ಕದ ಅಂಗಡಿಯ ಕಾಂಬೊ ನೋಡಿ ತಾನೂ ಕಾಂಬೊ ಇಡುವವರು ಎಡವುವುದು ಬಹುಮಟ್ಟಿಗೆ ಇಲ್ಲಿಯೇ.

ನಿಮ್ಮ ಗಿರಾಕಿಗಳು ಯಾವ ಬಗೆಯವರೆಂದು ಅವರನ್ನೇ ಕೇಳಿದರೆ ಪ್ರಯೋಜನವಿಲ್ಲ, ಬೆಲೆ ಕೇಳಿದರೆ ಎಲ್ಲರೂ ಇಳಿಸಿಯೇ ಹೇಳುತ್ತಾರೆ. ಬಿಡಿ ಮಾರಾಟದ ಬಿಲ್ ಪುಸ್ತಕವನ್ನೇ ತೆರೆದು, ಒಂದು ನೋಟ್ಸು ಕೊಂಡವರಲ್ಲಿ ಎಷ್ಟು ಮಂದಿ ಇನ್ನೊಂದನ್ನೂ ಕೊಂಡಿದ್ದಾರೆಂದು ಎಣಿಸಬೇಕು. ಎರಡೂ ಚೆನ್ನಾಗಿ ಹೋಗುತ್ತಿದ್ದು, ಎರಡನ್ನೂ ಒಯ್ದವರು ವಿರಳವಾಗಿದ್ದರೆ ಮೊದಲ ಪಟ್ಟಿ ನಿಮ್ಮದು.

ಖರ್ಚಿನ ಮಾತೊಂದಿದೆ. ಬಣ್ಣದ ಮುದ್ರಣ ಮಾಡಿಸಿ ಪ್ರತಿಗೆ 90 ರೂಪಾಯಿ ಬಿತ್ತೆಂದುಕೊಳ್ಳಿ. 50 ರೂಪಾಯಿಗಿಂತ ಹೆಚ್ಚು ಬೆಲೆ ಕಟ್ಟದ ಹರಿಹರದ ಹುಡುಗನಿಗೆ ಮಾನಸಿಕ ಸಾಮರ್ಥ್ಯದ ನೋಟ್ಸು ಒಪ್ಪಿಸುವುದಕ್ಕೆ 90 ಖರ್ಚು ಮಾಡಿದಂತಾಯಿತು. ಆಗ ಕನ್ನಡ 250, ಮಾನಸಿಕ ಸಾಮರ್ಥ್ಯ 240, ಜೋಡಿ 310 ಎಂದು ಮೂರು ಬೆಲೆ ಬರೆಯಬೇಕು. ತುದಿಯ ಇಬ್ಬರು ಬಿಡಿ, ನಡುವಿನ ಇಬ್ಬರು ಜೋಡಿ ಒಯ್ಯುತ್ತಾರೆ. ಒಟ್ಟು 1110 ಬಂದು, ಆರು ಪ್ರತಿಗಳ ಖರ್ಚು ಕಳೆದು 570 ಉಳಿಯುತ್ತದೆ. ಬರೀ ಜೋಡಿಯಲ್ಲಿ ಉಳಿಯುವುದು 480. ಖರ್ಚು 40 ಇದ್ದಾಗ ಇದೇ ಉಪಾಯ 870 ಕೊಡುತ್ತಿತ್ತು, ಬರೀ ಜೋಡಿಗಿಂತ ಹತ್ತು ಕಡಿಮೆ. ಬಿಡಿಯಾಗಿ ಕೊಡುವುದಿಲ್ಲವೆಂಬ ಹಟ ಖರ್ಚು ಪ್ರತಿಗೆ 45 ದಾಟಿದ ಮೇಲೆ ಅಂಗಡಿಗೇ ನಷ್ಟ.

ಇಷ್ಟೆಲ್ಲ ಲೆಕ್ಕವನ್ನು ಕೆಡಿಸುವುದು ಹಾಸ್ಟೆಲ್ ಕೋಣೆ. ಅಭಿರುಚಿ ತಿರುಗುಮುರುಗಾಗಿದ್ದಷ್ಟೂ ಗಿರಾಕಿಗಳಿಗೆ ಪರಸ್ಪರ ಹಂಚಿಕೊಳ್ಳುವ ಆಸೆ ಹೆಚ್ಚು. ಜಗಳೂರು ಮತ್ತು ಹರಿಹರದವರು ನೂರೈವತ್ತು ನೂರೈವತ್ತು ಹಾಕಿ ಒಂದೇ ಜೋಡಿ ಕೊಂಡು ಆಳಿಗೊಂದು ಇಟ್ಟುಕೊಂಡರೆ, 490 ಬೆಲೆಬಾಳುವ ಮಾಲು 300ಕ್ಕೆ ಹೋಗುತ್ತದೆ, ಎರಡು ಜೋಡಿ ಹೋಗಬೇಕಾದಲ್ಲಿ ಒಂದೇ ಹೋಗುತ್ತದೆ. ನಾಲ್ವರೂ ಹೀಗೆ ಮಾಡಿದರೆ ಬರುವುದು 600, ಬಿಡಿ ಮಾರಾಟದ 780ಕ್ಕಿಂತಲೂ ಕಡಿಮೆ. ಮಾಲೀಕರಿಗೆ ಇದು ಗೊತ್ತಾಗಿರಬೇಕು. ಮೊನ್ನೆ ಹೋದಾಗ ಎರಡು ನೋಟ್ಸುಗಳನ್ನೂ ಒಂದೇ ದಪ್ಪ ಸ್ಪೈರಲ್‌ನಲ್ಲಿ, ಒಂದು ಅಧ್ಯಾಯ ಕನ್ನಡ, ಒಂದು ಅಧ್ಯಾಯ ಮಾನಸಿಕ ಸಾಮರ್ಥ್ಯ ಎಂಬಂತೆ ಹೆಣೆದು ಪೋಣಿಸುತ್ತಿದ್ದರು. ಅವರ ಪಕ್ಕದಲ್ಲಿಯೇ ನಿಂತಿದ್ದ ಹುಡುಗನೊಬ್ಬ, ಅದರ ಅರ್ಧ ಪುಟಗಳನ್ನು ಜೆರಾಕ್ಸ್ ಮಾಡಿಕೊಡಲು ಎಷ್ಟಾಗುತ್ತದೆಂದು ಕೇಳುತ್ತಿದ್ದನು.