ದೊಡ್ಡದು ಮಾಡಿದ ವಿಡಿಯೋದಲ್ಲಿ ಕಾಣುವುದೆಲ್ಲ ಅಲ್ಲಿ ಇತ್ತಾ?

ಕೇಳುಗರೇ, ನಮಸ್ಕಾರ.

ಹಳೆಯ ಟೇಪಿನಿಂದ ಕಂಪ್ಯೂಟರಿಗೆ ಇಳಿಸಿಕೊಂಡ ಒಂದು ವಿಡಿಯೋ ಇದೆ ಅಂದುಕೊಳ್ಳಿ. ಅಗಲ 720 ಪಿಕ್ಸೆಲ್, ಎತ್ತರ 576. ಗುಂಪಿನ ಹಿಂದೆ, ದೂರದಲ್ಲಿ ಒಬ್ಬರು ನಿಂತಿದ್ದಾರೆ. ಅವರ ಮುಖ ಇರುವುದು ಹದಿನಾರು ಪಿಕ್ಸೆಲ್ ಅಗಲ, ಹದಿನಾರು ಪಿಕ್ಸೆಲ್ ಎತ್ತರ. ಅಂದರೆ ಒಟ್ಟು 256 ಚುಕ್ಕಿ. "ಇದನ್ನು ಸ್ವಲ್ಪ ದೊಡ್ಡದು ಮಾಡಿ ಶಾರ್ಪ್ ಮಾಡಿಕೊಡಿ, ಕೆನ್ನೆ ಮೇಲೆ ಮಚ್ಚೆ ಇದೆಯಾ ನೋಡಬೇಕು" ಅಂತ ಯಾರೋ ಕೇಳುತ್ತಾರೆ.

ಮೊದಲು ಸುಮ್ನೆ ಒಂದು ಲೆಕ್ಕ ಹಾಕೋಣ. ಮನುಷ್ಯನ ಮುಖದ ಅಗಲ ಸುಮಾರು 15 ಸೆಂಟಿಮೀಟರ್. ಹಾಗಾದರೆ ಇಲ್ಲಿ ಒಂದು ಪಿಕ್ಸೆಲ್ ಅಂದರೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್. ಒಂದು ಕಣ್ಣಿಗೆ ಸಿಕ್ಕಿದ್ದು ಮೂರೇ ಚುಕ್ಕಿ. ಮೂರು ಮಿಲಿಮೀಟರಿನ ಮಚ್ಚೆಗೆ ಒಂದು ಚುಕ್ಕಿಯೂ ಪೂರ್ತಿ ಸಿಕ್ಕಿಲ್ಲ. ಅದು ಅಕ್ಕಪಕ್ಕದ ಚರ್ಮದ ಬಣ್ಣದ ಜೊತೆ ಬೆರೆತು, ಆ ಚುಕ್ಕಿಯನ್ನು ತುಸು ಕಪ್ಪಾಗಿಸಿರಬಹುದು, ಅಷ್ಟೇ.

ಈಗ ಇದರ ಅಗಲ, ಎತ್ತರ ಎರಡನ್ನೂ ನಾಲ್ಕು ಪಟ್ಟು ಹಿಗ್ಗಿಸಿದರೆ 4096 ಚುಕ್ಕಿ ಬೇಕು. ನಮ್ಮ ಕೈಯಲ್ಲಿರುವುದು 256. ಬಾಕಿ 3840 ಎಲ್ಲಿಂದ ಬರಬೇಕು? ಬೈಕ್ಯೂಬಿಕ್ ಥರದ ಹಳೆಯ ವಿಧಾನಗಳು ಅಕ್ಕಪಕ್ಕದ ಚುಕ್ಕಿಗಳಿಂದಲೇ ಲೆಕ್ಕ ಹಾಕಿ ನಡುವಿನ ಜಾಗ ತುಂಬುತ್ತವೆ. ಚಿತ್ರ ದೊಡ್ಡದಾಗುತ್ತದೆ, ಆದರೆ ಮಸುಕಾಗಿಯೇ ಉಳಿಯುತ್ತದೆ. ನೋಡೋಕೆ ಬೇಜಾರು, ಆದರೆ ಅದರಲ್ಲಿ ಮೋಸ ಕಡಿಮೆ.

ಆ ಮಸುಕು ಹೋಗಲಿ ಅಂತ ಶಾರ್ಪನ್ ಮಾಡುತ್ತೇವೆ, ಅಲ್ವಾ? ಅಲ್ಲಿ ನಡೆಯುವುದಿಷ್ಟು. ಚಿತ್ರದ ಇನ್ನೂ ಮಸುಕಾದ ಒಂದು ಪ್ರತಿ ಮಾಡಿ, ಮೂಲಕ್ಕೂ ಅದಕ್ಕೂ ಇರುವ ವ್ಯತ್ಯಾಸವನ್ನು ಮೂಲಕ್ಕೇ ಸೇರಿಸುತ್ತಾರೆ. ಕೂದಲಿನ ಕಡೆ ಬೆಳಕಿನ ಮಟ್ಟ 80, ಹಿಂದಿನ ಗೋಡೆಯ ಕಡೆ 160 ಇದ್ದರೆ, ಅಂಚಿನಲ್ಲಿ ಅದು 65 ಮತ್ತು 175 ಆಗುತ್ತದೆ. ಅಂಚು ಎದ್ದು ಕಾಣುತ್ತದೆ. ಆದರೆ 65 ಆಗಲಿ 175 ಆಗಲಿ ಕ್ಯಾಮೆರಾ ಕಂಡದ್ದಲ್ಲ. ಜಾಸ್ತಿ ಎಳೆದರೆ ತಲೆಯ ಸುತ್ತ ಬಿಳಿ ಗೆರೆ ಮೂಡುತ್ತದೆ, ಟೇಪಿನ ಕಾಳುಕಾಳು ಗದ್ದಲವೂ ಚರ್ಮದ ಮೇಲಿನ ಕಲೆಯಂತೆ ಕಾಣತೊಡಗುತ್ತದೆ. ನಮ್ಮ ಮಚ್ಚೆ ಹುಡುಕುವವರು ಬಲೆಗೆ ಬೀಳುವುದೇ ಇಲ್ಲಿ.

ಇನ್ನು ಎಐ ಸಾಧನಗಳು. ಇವು ಸಾವಿರಾರು ಮುಖಗಳನ್ನು ನೋಡಿ ಕಲಿತಿರುತ್ತವೆ. ಕಣ್ಣು ಹೀಗಿರುತ್ತೆ, ರೆಪ್ಪೆ ಹೀಗಿರುತ್ತೆ ಅಂತ ಬರೆದುಬಿಡುತ್ತವೆ. 2020ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದವರ ಪಲ್ಸ್ ಎಂಬ ಸಾಧನಕ್ಕೆ ಯಾರೋ ಬರಾಕ್ ಒಬಾಮರ ಚುಕ್ಕಿಚುಕ್ಕಿ ಚಿತ್ರ ಕೊಟ್ಟರು. ಹೊರಬಂದದ್ದು ಒಬ್ಬ ಬಿಳಿಯ ಗಂಡಸಿನ ಮುಖ! ಆ ಸಾಧನದ ಕೆಲಸವೇ, ಕುಗ್ಗಿಸಿದಾಗ ಕೊಟ್ಟ ಚಿತ್ರಕ್ಕೆ ಹೊಂದುವ ಮುಖವೊಂದನ್ನು ಹುಡುಕುವುದು. ಅದು ಹುಡುಕಿತು ಕೂಡ. ತೊಂದರೆ ಏನಂದರೆ, ಅಷ್ಟು ಚಿಕ್ಕ ಚಿತ್ರಕ್ಕೆ ಹೊಂದುವ ಮುಖಗಳು ಲೆಕ್ಕವಿಲ್ಲದಷ್ಟಿವೆ. ಅದು ಅವುಗಳಲ್ಲಿ ಒಂದನ್ನು ಆರಿಸಿಕೊಂಡಿತು.

ಹಾಗಾದರೆ ನಿಜವಾದ ವಿವರ ಮರಳಿ ಸಿಗುವುದೇ ಇಲ್ವಾ? ಸಿಗುತ್ತದೆ, ಆದರೆ ಒಂದೇ ಫ್ರೇಮಿನಿಂದಲ್ಲ. ಕೈಯಲ್ಲಿ ಹಿಡಿದ ಕ್ಯಾಮೆರಾ ಸದಾ ಅಲುಗುತ್ತಿರುತ್ತದೆ. ಸೆಕೆಂಡಿಗೆ 25 ಫ್ರೇಮ್ ಇದ್ದರೆ, ಒಂದೊಂದರಲ್ಲೂ ಆ ಮುಖ ಅರ್ಧ ಪಿಕ್ಸೆಲ್, ಕಾಲು ಪಿಕ್ಸೆಲ್ ಸರಿದಿರುತ್ತದೆ. ಅಂದರೆ ಪ್ರತಿ ಫ್ರೇಮ್ ಬೇರೆ ಬೇರೆ ಜಾಗದಲ್ಲಿ ಅಳತೆ ತೆಗೆದಿದೆ. ಅವನ್ನು ಸರಿಯಾಗಿ ಒಂದರ ಮೇಲೊಂದು ಹೊಂದಿಸಿ ಸೇರಿಸಿದರೆ, ಯಾವ ಒಂದು ಫ್ರೇಮಿನಲ್ಲೂ ಇಲ್ಲದ ವಿವರ ಹೊರಬರುತ್ತದೆ. 16 ಫ್ರೇಮ್ ಸೇರಿಸಿದರೆ ಗದ್ದಲವೂ ಕಾಲು ಭಾಗಕ್ಕೆ ಇಳಿಯುತ್ತದೆ.

ಇದಕ್ಕೂ ಷರತ್ತುಗಳಿವೆ. ಆ ವ್ಯಕ್ತಿ ತಲೆ ತಿರುಗಿಸಬಾರದು. ಟೇಪಿನ ವಿಡಿಯೋದಲ್ಲಿ ಬೆಸ ಗೆರೆಗಳೂ ಸಮ ಗೆರೆಗಳೂ ಬೇರೆ ಬೇರೆ ಹೊತ್ತಿನವು, ಮೊದಲು ಅವನ್ನು ಬಿಡಿಸಿಕೊಳ್ಳಬೇಕು. ಇಲ್ಲದಿದ್ದರೆ ಹಲ್ಲುಹಲ್ಲಾದ ಅಂಚುಗಳೇ ದೊಡ್ಡದಾಗುತ್ತವೆ. ಗಟ್ಟಿಯಾಗಿ ಕಂಪ್ರೆಸ್ ಮಾಡಿದ ಫೈಲಾದರೆ ಇನ್ನೂ ಕಷ್ಟ. ಅಲ್ಲಿ ಮುಂದಿನ ಫ್ರೇಮುಗಳು ಬಹಳಷ್ಟು ಹಿಂದಿನದರ ನಕಲೇ ಆಗಿರುತ್ತವೆ. ಎಲ್ಲ ಸರಿಯಿದ್ದರೂ ವಿವರ ಎರಡು ಪಟ್ಟು ಹೆಚ್ಚಿದರೆ ದೊಡ್ಡದು. ಆಗಲೂ ಒಂದು ಚುಕ್ಕಿ ಅಂದರೆ ಅರ್ಧ ಸೆಂಟಿಮೀಟರ್.

ಎಐ ಸಾಧನ ಮಚ್ಚೆ ತೋರಿಸಿದರೆ ಪರೀಕ್ಷಿಸುವುದು ಸುಲಭ. ಬೇರೆ ಬೇರೆ ಫ್ರೇಮುಗಳನ್ನು ಒಂದೊಂದಾಗಿ ಕೊಟ್ಟು ನೋಡಿ. ಒಂದರಲ್ಲಿ ಮಚ್ಚೆ ಬಂದು, ಇನ್ನೊಂದರಲ್ಲಿ ಮಾಯವಾಗಿ, ಮತ್ತೊಂದರಲ್ಲಿ ತುಟಿಯ ಹತ್ತಿರ ಸರಿದರೆ ಅದು ಸಾಧನವೇ ಇಟ್ಟದ್ದು. ಪ್ರತಿಸಲ ಅಲ್ಲೇ ಬಂದರೂ ಅದೇ ಪುರಾವೆಯಲ್ಲ. ಮೂಲ ಫ್ರೇಮುಗಳಲ್ಲೂ ಆ ಚುಕ್ಕಿ ಅಕ್ಕಪಕ್ಕಕ್ಕಿಂತ ಕಪ್ಪಾಗಿದೆಯಾ ಅಂತ ನೋಡಬೇಕು. ಇದ್ದರೆ "ಇಲ್ಲೇನೋ ಕಪ್ಪಗಿದೆ" ಅನ್ನಬಹುದು. ಅದು ಮಚ್ಚೆಯೋ, ನೆರಳೋ, ನೊಣವೋ ಅಂತ ಆ 256 ಚುಕ್ಕಿ ಹೇಳುವುದಿಲ್ಲ.